ನಿಂತಾಗ ಬಿಸಿ, ಓಡುವಾಗ ತಂಪು: ಕಾರವಾರದ ಒಂದು ಕಾರಿನ ಎಸಿ ದುರಸ್ತಿ

ಮೇ ತಿಂಗಳಲ್ಲಿ ನಮ್ಮ ಕಾರವಾರದ ಗ್ಯಾರೇಜಿಗೆ ಬರುವ ಎಸಿ ದೂರುಗಳಲ್ಲಿ ಬಹುಪಾಲು ಒಂದೇ ಬಗೆಯವು. ಹೆದ್ದಾರಿಯಲ್ಲಿ ಅಂಕೋಲಾ ಕಡೆಗೆ ಹೊರಟರೆ ಗಾಳಿ ತಣ್ಣಗಿರುತ್ತದೆ, ಪೇಟೆಯೊಳಗೆ ಬಂದು ನಿಂತರೆ ಬೆವರು ಹರಿಯುತ್ತದೆ. ಮಾಜಾಳಿಯ ಹಿರಿಯರೊಬ್ಬರು ತಂದ ಕಾರಿನದೂ ಇದೇ ಕತೆ. ಬೇರೆ ಕಡೆ ಎರಡು ಸಲ ಗ್ಯಾಸ್ ತುಂಬಿಸಿಕೊಂಡಿದ್ದರು. "ಶಿರಸಿಗೆ ಹೋದಾಗ ಫ್ರಿಜ್ಜಿನ ಹಾಗೆ ಇತ್ತು. ಇಲ್ಲಿ ಇಳಿದ ಮೇಲೆ ಏನೂ ಇಲ್ಲ. ಗ್ಯಾಸ್ ಮತ್ತೆ ಸೋರಿದೆಯೇನೋ, ಸ್ವಲ್ಪ ತುಂಬಿಸಿ ಕೊಡಿ" ಎಂದರು. ನನಗೆ ಬೇಕಾದ ಸುಳಿವು ಆ ಶಿರಸಿಯ ಮಾತಿನಲ್ಲೇ ಇತ್ತು.

ಎಸಿ ತಂಪನ್ನು ತಯಾರಿಸುವುದಿಲ್ಲ. ಕಾರಿನೊಳಗಿನ ಶಾಖವನ್ನು ಎತ್ತಿ ಹೊರಗೆ ಹಾಕುತ್ತದೆ. ಡ್ಯಾಶ್‌ಬೋರ್ಡಿನ ಹಿಂದಿರುವ ಇವ್ಯಾಪೊರೇಟರಿನಲ್ಲಿ, ಅಂದರೆ ನಾವು ಕೂಲಿಂಗ್ ಕಾಯಿಲ್ ಎನ್ನುವ ಭಾಗದಲ್ಲಿ, ಗ್ಯಾಸಿನ ಒತ್ತಡ ಕಡಿಮೆ ಇರುತ್ತದೆ. ಆರ್-134ಎ ಗ್ಯಾಸ್ 35 ಪಿಎಸ್‌ಐ ಒತ್ತಡದಲ್ಲಿ ಸುಮಾರು 5 ಡಿಗ್ರಿಗೇ ಕುದಿಯುತ್ತದೆ. ಕುದಿಯಲು ಬೇಕಾದ ಶಾಖವನ್ನು ಅದು ಕಾರಿನೊಳಗಿನ ಗಾಳಿಯಿಂದ ಹೀರಿಕೊಳ್ಳುತ್ತದೆ. ಆದರೆ 5 ಡಿಗ್ರಿಯ ಗ್ಯಾಸಿನಲ್ಲಿರುವ ಶಾಖ 33 ಡಿಗ್ರಿಯ ಹೊರಗಾಳಿಗೆ ತಾನಾಗಿ ಹೋಗುವುದಿಲ್ಲ. ಬಾವಿಯ ನೀರನ್ನು ಮಾಳಿಗೆಯ ಟ್ಯಾಂಕಿಗೆ ಏರಿಸುವ ಪಂಪಿನಂತೆ ಕಂಪ್ರೆಸರ್ ಆ ಶಾಖವನ್ನು ಮೇಲಿನ ಮಟ್ಟಕ್ಕೆ ಏರಿಸುತ್ತದೆ. ಒತ್ತಡ 200 ಪಿಎಸ್‌ಐಗೆ ಏರಿದರೆ ಅದೇ ಗ್ಯಾಸ್ ಸುಮಾರು 55 ಡಿಗ್ರಿಯಲ್ಲಿ ದ್ರವವಾಗತೊಡಗುತ್ತದೆ. ಆಗ ನಮ್ಮ ಸೆಕೆಯ ಗಾಳಿಯೂ ಅದಕ್ಕೆ ತಣ್ಣನೆಯದೇ. ಮುಂಭಾಗದ ಕಂಡೆನ್ಸರಿನಲ್ಲಿ ಶಾಖ ಬಿಟ್ಟುಕೊಟ್ಟು ದ್ರವವಾಗಿ, ಎಕ್ಸ್‌ಪಾನ್ಷನ್ ವಾಲ್ವಿನ ಕಿರಿದಾದ ದಾರಿಯಲ್ಲಿ ನುಗ್ಗಿ ಒತ್ತಡ ಕಳೆದುಕೊಂಡು ಮತ್ತೆ ಕೂಲಿಂಗ್ ಕಾಯಿಲ್ ಸೇರುತ್ತದೆ.

ಕಂಡೆನ್ಸರ್ ಹೊರಹಾಕಬೇಕಾದದ್ದು ಕಾರಿನೊಳಗಿನ ಶಾಖವನ್ನಷ್ಟೇ ಅಲ್ಲ, ಕಂಪ್ರೆಸರ್ ಒತ್ತುವಾಗ ಸೇರಿಸಿದ ಶಾಖವನ್ನೂ. ಅದಕ್ಕೆ ಸಾಕಷ್ಟು ಗಾಳಿ ಸಿಗದಿದ್ದರೆ ಒತ್ತಡ ಏರುತ್ತದೆ, ಒತ್ತಡ ಏರಿದರೆ ಕಂಪ್ರೆಸರಿನ ಶ್ರಮ ಹೆಚ್ಚುತ್ತದೆ, ಆ ಹೆಚ್ಚುವರಿ ಶ್ರಮವೂ ಶಾಖವಾಗಿ ಅದೇ ಕಂಡೆನ್ಸರಿನ ತಲೆಗೆ ಬರುತ್ತದೆ. ಕಾರು ಓಡುವಾಗ ಎದುರುಗಾಳಿ ಈ ಕೊರತೆಯನ್ನು ಮುಚ್ಚಿಹಾಕುತ್ತದೆ. ಘಟ್ಟದ ಮೇಲೆ ಸಂಜೆಯ ತಂಪು ಮುಚ್ಚಿಹಾಕುತ್ತದೆ. ಶಿರಸಿಯಲ್ಲಿ ಚೆನ್ನಾಗಿತ್ತು ಎಂದ ಮಾತ್ರಕ್ಕೆ ಎಸಿ ಸರಿಯಿದೆ ಎಂದಾಗುವುದಿಲ್ಲ.

ಆದರೂ ನಿಂತಾಗ ಬಿಸಿಗಾಳಿ ಬರಲು ಇನ್ನೊಂದು ಕಾರಣವಿದೆ. ಕಂಪ್ರೆಸರ್ ಸವೆದಿದ್ದರೆ ಎಂಜಿನ್ ನಿಧಾನವಾಗಿ ತಿರುಗುವಾಗ ಅದು ಸಾಕಷ್ಟು ಒತ್ತುವುದಿಲ್ಲ. ಎರಡನ್ನೂ ಬೇರೆ ಮಾಡುವುದು ಗೇಜು. ಸವೆದ ಕಂಪ್ರೆಸರಿನಲ್ಲಿ ಕಡಿಮೆ ಒತ್ತಡದ ಮುಳ್ಳು ಮೇಲೇರಿ, ಹೆಚ್ಚು ಒತ್ತಡದ ಮುಳ್ಳು ಕೆಳಗಿಳಿದು ಎರಡೂ ಹತ್ತಿರವಾಗುತ್ತವೆ. ಶಾಖ ಹೊರಹೋಗದಿದ್ದರೆ ಎರಡೂ ಮೇಲೇರುತ್ತವೆ.

ಕಾರನ್ನು ರಾತ್ರಿ ಗ್ಯಾರೇಜಿನಲ್ಲೇ ಉಳಿಸಿಕೊಂಡು, ಬೆಳಿಗ್ಗೆ ಎಂಜಿನ್ ಚಾಲೂ ಮಾಡುವ ಮೊದಲೇ ಗೇಜ್ ಜೋಡಿಸಿದೆ. ಹವೆ 28 ಡಿಗ್ರಿ, ಎರಡೂ ಮುಳ್ಳುಗಳು 90 ಪಿಎಸ್‌ಐ ಆಸುಪಾಸಿನಲ್ಲಿ. ಆ ಉಷ್ಣಾಂಶಕ್ಕೆ ಶುದ್ಧ ಆರ್-134ಎ ತೋರಿಸಬೇಕಾದದ್ದೂ ಅಷ್ಟೇ. ಒಳಗೆ ಗಾಳಿ ಸೇರಿದ್ದರೆ ಇದಕ್ಕಿಂತ ಹೆಚ್ಚು ತೋರಿಸುತ್ತಿತ್ತು. ಆದರೆ ಗ್ಯಾಸ್ ಎಷ್ಟಿದೆ ಎಂಬುದನ್ನು ಈ ಅಂಕಿ ಹೇಳುವುದಿಲ್ಲ. ಒಳಗೆ ಸ್ವಲ್ಪ ದ್ರವ ಉಳಿದಿದ್ದರೂ ಒತ್ತಡವನ್ನು ನಿರ್ಧರಿಸುವುದು ಉಷ್ಣಾಂಶವೇ ಹೊರತು ಪ್ರಮಾಣವಲ್ಲ. ನಿಂತ ಕಾರಿನ ಮುಳ್ಳು ನೋಡಿ 'ಗ್ಯಾಸ್ ಕಡಿಮೆ ಇದೆ' ಎಂದು ತೀರ್ಪು ಕೊಡುವವರನ್ನು ಕಂಡರೆ ನನಗೆ ಸಿಟ್ಟು ಬರುತ್ತದೆ. ಗಿರಾಕಿಯ ದುಡ್ಡೂ ಹೋಗುತ್ತದೆ, ಕಾರೂ ಕೆಡುತ್ತದೆ.

ಮಧ್ಯಾಹ್ನ 33 ಡಿಗ್ರಿಯಲ್ಲಿ ಎಂಜಿನ್ ಚಾಲೂ ಮಾಡಿ ಎಸಿ ಹಾಕಿದೆ. ಕಡಿಮೆ ಕಡೆ 60, ಹೆಚ್ಚು ಕಡೆ 300 ಪಿಎಸ್‌ಐ, ಒಳಗೆ ಬರುವ ಗಾಳಿ 19 ಡಿಗ್ರಿ. ಎರಡೂ ಮೇಲಿದ್ದವು. ಫ್ಯಾನ್ ಜೋರಾಗಿ ತಿರುಗುತ್ತಿತ್ತು. ಗ್ರಿಲ್ಲಿನ ಮುಂದೆ ಹಿಡಿದ ಕಾಗದವನ್ನು ಮೇಲ್ಭಾಗದಲ್ಲಿ ಎಳೆದು ಅಂಟಿಸಿಕೊಂಡಿತು. ಪೈಪಿನಿಂದ ಕಂಡೆನ್ಸರಿನ ಮೇಲೆ ನೀರು ಬಿಟ್ಟೆ. ನೋಡನೋಡುತ್ತಿದ್ದಂತೆ 300ರ ಮುಳ್ಳು 220ಕ್ಕೆ ಇಳಿಯಿತು, ಒಳಗಿನ ಗಾಳಿ 13 ಡಿಗ್ರಿಗೆ ಬಂತು. ಶಾಖ ಸಿಕ್ಕಿಹಾಕಿಕೊಂಡದ್ದು ಕಂಡೆನ್ಸರಿನಲ್ಲೇ ಎಂಬುದಕ್ಕೆ ಇದಕ್ಕಿಂತ ನೇರವಾದ ಸಾಕ್ಷಿ ಬೇಡ.

ಬಂಪರ್ ಬಿಚ್ಚಿದಾಗ ಕಾರಣವೂ ಕಂಡಿತು. ಚಪ್ಪಟೆ ಕೊಳವೆಗಳ ನಡುವೆ ಅಲೆಯಲೆಯಾಗಿರುವ ತೆಳು ಅಲ್ಯೂಮಿನಿಯಂ ಫಿನ್‌ಗಳು ಕೆಳಗಿನ ಅರ್ಧದಲ್ಲಿ ಬಿಳಿಚಿಕೊಂಡಿದ್ದವು. ಉಗುರು ತಾಗಿಸಿದರೆ ಪುಡಿಯಾಗಿ ಉದುರಿದವು. ಕಾರು ನಿಲ್ಲುವುದು ಸಮುದ್ರಕ್ಕೆ ಮುಖಮಾಡಿದ ಅಂಗಳದಲ್ಲಿ. ಉಪ್ಪುಗಾಳಿ ಫಿನ್ ಮತ್ತು ಕೊಳವೆಯ ಬೆಸುಗೆಯನ್ನೇ ತಿಂದಿತ್ತು. ಕೊಳವೆ ಸೋರದಿದ್ದರೂ, ಅದರ ಶಾಖ ಫಿನ್‌ಗೆ ದಾಟದಿದ್ದರೆ ಗಾಳಿಗೆ ಸೇರುವುದು ಹೇಗೆ? ಧೂಳು ಕಟ್ಟಿದ್ದರೆ ತೊಳೆದು ಸರಿಮಾಡಬಹುದಿತ್ತು, ಇದಕ್ಕೆ ಹೊಸ ಕಂಡೆನ್ಸರೇ ಗತಿ.

ಗ್ಯಾಸನ್ನು ಗಾಳಿಗೆ ಬಿಡದೆ ಯಂತ್ರದಲ್ಲಿ ಹಿಂದೆಗೆದು ತೂಗಿದೆ: 610 ಗ್ರಾಂ. ಬಾನೆಟ್ ಕೆಳಗಿನ ಚೀಟಿಯಲ್ಲಿ ಇದ್ದದ್ದು 450. ಎರಡು ಸಲ ತುಂಬಿಸಿದ ಫಲ ಇದು. ಹೆಚ್ಚಾದ ದ್ರವ ಕಂಡೆನ್ಸರಿನ ಕೆಳಗಿನ ಸಾಲುಗಳಲ್ಲಿ ತುಂಬಿಕೊಳ್ಳುತ್ತದೆ, ಗ್ಯಾಸ್ ದ್ರವವಾಗಲು ಉಳಿಯುವ ಜಾಗ ಇನ್ನಷ್ಟು ಕುಗ್ಗುತ್ತದೆ. ಮೊದಲೇ ಅರ್ಧ ಸತ್ತಿದ್ದ ಕಂಡೆನ್ಸರಿಗೆ ಇದು ಗಾಯದ ಮೇಲೆ ಬರೆ.

ಹೊಸ ಕಂಡೆನ್ಸರಿನ ಜೊತೆಗೆ ತೇವ ಹೀರುವ ಡ್ರೈಯರ್ ಕೂಡ ಬಂದಿತ್ತು. ಹಳೆಯದರಲ್ಲಿ ಉಳಿದ ಎಣ್ಣೆಗೆ ಬದಲಾಗಿ ಸುಮಾರು 30 ಮಿಲಿಲೀಟರ್ ಪಿಎಜಿ ಎಣ್ಣೆ ಹಾಕಿ, ಎಲ್ಲ ಓ-ರಿಂಗ್ ಬದಲಿಸಿ, 45 ನಿಮಿಷ ವ್ಯಾಕ್ಯೂಮ್ ಎಳೆದೆ. ಕರಾವಳಿಯ ಹವೆಯಲ್ಲಿ ಈ ಹೊತ್ತನ್ನು ಉಳಿಸಲು ಹೋಗಬಾರದು. ತೆರೆದಿಟ್ಟ ಪೈಪಿನೊಳಗೆ ತೇವ ನುಗ್ಗುವುದು ಬೇಗ, ಹೊರಡುವುದು ನಿಧಾನ. ಬಳಿಕ ತೂಗಿ 450 ಗ್ರಾಂ ತುಂಬಿಸಿದೆ.

ಅದೇ 33 ಡಿಗ್ರಿಯಲ್ಲಿ, ನಿಂತ ಕಾರಿನಲ್ಲಿ ಈಗ 38 ಮತ್ತು 205. ಒಳಗಿನ ಗಾಳಿ 10 ಡಿಗ್ರಿ. ಇನ್ನೂ ಕಡಿಮೆಯಾಗಬೇಕಲ್ಲವೇ ಎಂದು ಹಿರಿಯರು ಕೇಳಿದರು. ಕಾರಿನ ಅಡಿಯಲ್ಲಿ ತೊಟ್ಟಿಕ್ಕುತ್ತಿದ್ದ ನೀರನ್ನು ತೋರಿಸಿದೆ. ನಮ್ಮ ಗಾಳಿಯಲ್ಲಿರುವ ಆವಿಯನ್ನು ನೀರಾಗಿಸಲು ಕೂಲಿಂಗ್ ಕಾಯಿಲ್ ತನ್ನ ಶಕ್ತಿಯ ದೊಡ್ಡ ಪಾಲನ್ನು ಖರ್ಚು ಮಾಡಬೇಕಾಗುತ್ತದೆ. ಹೊರಗಾಳಿ ಬರುವ ದಾರಿ ಮುಚ್ಚಿ, ಒಳಗಿನ ಗಾಳಿಯನ್ನೇ ತಿರುಗಿಸಿದಾಗ ಸ್ವಲ್ಪ ಹೊತ್ತಿನಲ್ಲಿ 8ಕ್ಕೆ ಇಳಿಯಿತು.

"ಕಂಪ್ರೆಸರನ್ನೂ ಬದಲಿಸಿಬಿಡಬೇಕೇ? ಹಿಂದಿನವರು ಹೇಳಿದ್ದರು" ಎಂದರು. 38 ಮತ್ತು 205ರ ನಡುವಿನ ಅಂತರವನ್ನು ಎಂಜಿನ್ ಐಡಲ್‌ನಲ್ಲೇ ಉಳಿಸಿಕೊಂಡಿರುವ ಕಂಪ್ರೆಸರನ್ನು ಬದಲಿಸುವುದು ದಂಡ ಎಂದೆ. ಆ ಹಣದ ಬದಲು ಕಾರಿನ ಮೂತಿಯನ್ನು ಗೋಡೆಯ ಕಡೆಗೆ ತಿರುಗಿಸಿ ನಿಲ್ಲಿಸಿ, ತಿಂಗಳಿಗೊಮ್ಮೆ ಗ್ರಿಲ್ಲಿನ ಮೂಲಕ ಬಾವಿಯ ಸಿಹಿನೀರನ್ನು ಮೆಲ್ಲಗೆ ಹಾಯಿಸಿ, ಪ್ರೆಶರ್ ವಾಷರ್ ಮಾತ್ರ ಹತ್ತಿರ ತರಬೇಡಿ, ಫಿನ್ ಮಡಚಿಹೋಗುತ್ತದೆ ಎಂದು ಹೇಳಿ ಕೀಲಿ ಕೊಟ್ಟೆ.