ಒಂದೇ ವರ್ಷಕ್ಕೆ ಒಂದು ಸೆಂಟಿಮೀಟರ್ ಬೆಳೆದಿದ್ದ ಅಯೋರ್ಟಾ

ಅವರಿಗೆ 71 ವರ್ಷ. ಹೊಟ್ಟೆಯ ದೊಡ್ಡ ರಕ್ತನಾಳ ಅಯೋರ್ಟಾ ಬಲೂನಿನಂತೆ ಉಬ್ಬಿರುವುದು ಹಿಂದಿನ ವರ್ಷವೇ ಗೊತ್ತಾಗಿತ್ತು. ಆಗ ಅಗಲ 4.6 ಸೆಂ.ಮೀ. ಈ ವರ್ಷ ಬೇರೆ ಕಡೆ ಸ್ಕ್ಯಾನ್ ಮಾಡಿಸಿದಾಗ 5.6 ಬಂದಿತ್ತು. ಎರಡೂ ರಿಪೋರ್ಟ್ ಹಿಡಿದು ಮಗಳು ಕೇಳಿದರು, "ಡಾಕ್ಟ್ರೇ, ಈಗ್ಲೇ ಆಪರೇಷನ್ ಮಾಡಿಸ್ಬೇಕಾ?"

ಕಾಗದದ ಮೇಲೆ ನೋಡಿದರೆ ಉತ್ತರ ಹೌದು. ಗಂಡಸರಲ್ಲಿ 5.5 ದಾಟಿದರೆ ಸರ್ಜನ್ ಹತ್ತಿರ ಕಳಿಸುತ್ತೇವೆ. ಒಂದು ವರ್ಷದಲ್ಲಿ ಒಂದು ಸೆಂಟಿಮೀಟರ್ ಬೆಳೆದರೂ ಕಳಿಸುತ್ತೇವೆ. ಇವರಿಗೆ ಎರಡೂ ಆಗಿತ್ತು. ಆದರೆ ಹೊಟ್ಟೆನೋವು, ಬೆನ್ನುನೋವು ಏನೂ ಇರಲಿಲ್ಲ, ಮುಟ್ಟಿದರೆ ನೋವೂ ಇರಲಿಲ್ಲ. ನೋವಿದ್ದಿದ್ದರೆ ಅಗಲ ಎಷ್ಟೇ ಇರಲಿ, ಅದು ತುರ್ತು ಕೇಸ್. ನೋವಿಲ್ಲದ ಕಾರಣ ನಾನೇ ಮತ್ತೊಮ್ಮೆ ಅಳೆಯಲು ಸಮಯವಿತ್ತು.

ಮಾರನೇ ದಿನ ಖಾಲಿ ಹೊಟ್ಟೆಯಲ್ಲಿ ಬರಲು ಹೇಳಿದೆ. ಕರುಳಿನಲ್ಲಿ ಗ್ಯಾಸ್ ಜಾಸ್ತಿ ಇದ್ದರೆ ಅಯೋರ್ಟಾ ಕಾಣುವುದೇ ಇಲ್ಲ. ಅಲ್ಟ್ರಾಸೌಂಡ್ ಸ್ಕ್ಯಾನಿನ ಪ್ರೋಬನ್ನು ಹೊಟ್ಟೆಯ ಮೇಲೆ ಮೆಲ್ಲಗೆ ಒತ್ತಿ ಹಿಡಿದು, ಕರುಳು ಪಕ್ಕಕ್ಕೆ ಸರಿಯುವವರೆಗೆ ಕಾಯಬೇಕು. ಮೊದಲು ಬೆನ್ನುಮೂಳೆ ಹುಡುಕುತ್ತೇನೆ. ಅದರ ಮುಂದೆ, ಸ್ವಲ್ಪ ಎಡಕ್ಕೆ ಅಯೋರ್ಟಾ ಇರುತ್ತದೆ. ಅಲ್ಲಿಂದ ಅದು ಎರಡಾಗಿ ಕವಲೊಡೆಯುವವರೆಗೂ ಕೆಳಕ್ಕೆ ಜಾರಿಸುತ್ತಾ ಹೋಗುತ್ತೇನೆ.

ಇವರ ಅಯೋರ್ಟಾ ನೆಟ್ಟಗಿರಲಿಲ್ಲ. ಉಬ್ಬಿದ ಜಾಗದಲ್ಲಿ ಎಡಕ್ಕೆ ವಾಲಿತ್ತು. ಉಬ್ಬಿದ ನಾಳ ಹೀಗೆ ಡೊಂಕಾಗುವುದು ಮಾಮೂಲಿ. ಮೋಸ ಆಗುವುದೂ ಇಲ್ಲೇ. ಪೈಪನ್ನು ನೇರವಾಗಿ ಕೊಯ್ದರೆ ಬಾಯಿ ದುಂಡಗೆ ಬರುತ್ತದೆ, ಓರೆಯಾಗಿ ಕೊಯ್ದರೆ ಮೊಟ್ಟೆಯಾಕಾರ, ಅಲ್ವಾ? ಮೊಟ್ಟೆಯ ಉದ್ದದ ಕಡೆ ಅಳೆದರೆ ಇಲ್ಲದ ಅಗಲ ಸೇರಿಕೊಳ್ಳುತ್ತದೆ. 5.1 ಸೆಂ.ಮೀ. ನಾಳವನ್ನು 25 ಡಿಗ್ರಿ ಓರೆಯಾಗಿ ಕೊಯ್ದರೆ ಸಾಕು, 5.6 ಬರುತ್ತದೆ. ಅವರು ತಂದಿದ್ದ ಚಿತ್ರದಲ್ಲೂ ನಾಳ ಮೊಟ್ಟೆಯಂತೆಯೇ ಇತ್ತು, ಅಗಲ ಅಳೆಯಲು ಚಿತ್ರದ ಮೇಲೆ ಇಡುವ ಗುರುತು, ಅಂದರೆ ಕ್ಯಾಲಿಪರ್, ಉದ್ದದ ಕಡೆಗೇ ಕೂತಿತ್ತು.

ನಾನು ಪ್ರೋಬನ್ನು ನಾಳ ವಾಲಿದ ಕಡೆಗೆ ತಿರುಗಿಸಿ, ಮೊದಲು ಉದ್ದಕ್ಕೆ ನೋಡಿದೆ. ಆಮೇಲೆ ಅದಕ್ಕೆ ಸರಿಯಾಗಿ ಅಡ್ಡಲಾಗಿ ಹಿಡಿದೆ. ಚಿತ್ರ ದುಂಡಗಾಯಿತು. ಮುಂದಿನ ಗೋಡೆಯ ಹೊರ ಅಂಚಿನಿಂದ ಹಿಂದಿನ ಗೋಡೆಯ ಹೊರ ಅಂಚಿಗೆ ಅಳೆದೆ. ಒಳಗೆ ಗೋಡೆಗೆ ಅಂಟಿದಂತೆ ಹೆಪ್ಪುಗಟ್ಟಿದ ರಕ್ತ ಬೂದು ಬಣ್ಣದಲ್ಲಿ ಕಾಣುತ್ತಿತ್ತು. ಅದನ್ನು ಬಿಟ್ಟು ರಕ್ತ ಹರಿಯುವ ಕಪ್ಪು ಭಾಗ ಮಾತ್ರ ಅಳೆದರೆ ತುಂಬಾ ಕಡಿಮೆ ಬರುತ್ತದೆ. ಒಡೆಯುವುದು ಗೋಡೆ, ಹಾಗಾಗಿ ಗೋಡೆಯವರೆಗೂ ಅಳೆಯಲೇಬೇಕು. ಮೂರು ಸಲ ಅಳೆದೆ: 5.1, 5.0, 5.1.

ಹಾಗಾದರೆ ವರ್ಷಕ್ಕೆ ಅರ್ಧ ಸೆಂಟಿಮೀಟರ್ ಬೆಳೆದಿದೆಯೇ? ಹಳೆಯ ಸ್ಕ್ಯಾನಿನ ಚಿತ್ರ ತರಿಸಿ ನೋಡಿದೆ. ಅಲ್ಲಿ ಕ್ಯಾಲಿಪರ್ ಗೋಡೆಯ ಒಳ ಅಂಚುಗಳ ಮೇಲೆ ಇತ್ತು. ಅದು ತಪ್ಪಲ್ಲ. ಬ್ರಿಟನ್ನಿನ ಸ್ಕ್ರೀನಿಂಗ್‌ನಲ್ಲಿ ಹಾಗೇ ಅಳೆಯುತ್ತಾರೆ. ಆದರೆ ಎರಡು ವಿಧಾನಗಳ ನಡುವೆ ಮೂರ್ನಾಲ್ಕು ಮಿ.ಮೀ. ವ್ಯತ್ಯಾಸ ಬರುತ್ತದೆ. ಅದೇ ಚಿತ್ರದಲ್ಲಿ ಹೊರ ಅಂಚಿಗೆ ಅಳೆದಾಗ 4.9 ಬಂತು. ಅಂದರೆ ವರ್ಷದಲ್ಲಿ ಹೆಚ್ಚಾಗಿದ್ದು 2 ಮಿ.ಮೀ. ಒಬ್ಬರೇ ಎರಡು ಸಲ ಅಳೆದರೂ ಅಷ್ಟು ಹೆಚ್ಚುಕಮ್ಮಿ ಆಗುತ್ತದೆ.

ಮಗಳಿಗೆ ಸಮಾಧಾನವಾಗಲಿಲ್ಲ. "ಇನ್ನೂ ಬೆಳೆಯೋವರೆಗೂ ಸುಮ್ನೆ ಯಾಕೆ ಕಾಯೋದು?" ಎಂದರು. ನ್ಯಾಯವಾದ ಪ್ರಶ್ನೆ. ಬ್ರಿಟನ್ ಮತ್ತು ಅಮೆರಿಕದಲ್ಲಿ ಎರಡು ದೊಡ್ಡ ಅಧ್ಯಯನಗಳು ಇದನ್ನೇ ಕೇಳಿದ್ದವು. 4 ರಿಂದ 5.5 ಸೆಂ.ಮೀ. ಒಳಗಿನವರಲ್ಲಿ ಕೆಲವರಿಗೆ ಬೇಗ ಆಪರೇಷನ್ ಮಾಡಿದರು, ಉಳಿದವರನ್ನು ಸ್ಕ್ಯಾನ್ ಮಾಡುತ್ತಾ ಕಾದರು. ಬೇಗ ಮಾಡಿಸಿಕೊಂಡವರು ಹೆಚ್ಚು ಕಾಲ ಬದುಕಲಿಲ್ಲ. ಈ ಅಗಲದಲ್ಲಿ ನಾಳ ಒಡೆಯುವ ಅಪಾಯ ಕಡಿಮೆ, ಆಪರೇಷನ್ನಿಗೂ ಅದರದೇ ಅಪಾಯವಿದೆ. ಹೆಂಗಸರಲ್ಲಿ ಸಣ್ಣ ಅಗಲದಲ್ಲೇ ಒಡೆಯುವುದರಿಂದ ಅವರಿಗೆ 5.0ಕ್ಕೇ ಆಪರೇಷನ್ ಯೋಚಿಸುತ್ತೇವೆ. ಇದನ್ನೆಲ್ಲ ಕೂತು ವಿವರಿಸಿದೆ. ಆರು ತಿಂಗಳಿಗೆ ಬನ್ನಿ, ಬೀಡಿ ಬಿಡಲೇಬೇಕು, ಹೊಟ್ಟೆಯಲ್ಲೋ ಬೆನ್ನಲ್ಲೋ ಇದ್ದಕ್ಕಿದ್ದಂತೆ ನೋವು ಬಂದರೆ ನೇರ ತುರ್ತು ವಿಭಾಗಕ್ಕೆ ಹೋಗಿ ಎಂದೆ.

ಪ್ರತಿ ಸಲವೂ ನಾನೇ, ಅದೇ ರೀತಿ ಅಳೆದೆ. 5.2, ಆಮೇಲೆ 5.3, ಆಮೇಲೆ 5.3. ಎರಡು ವರ್ಷದ ನಂತರ 5.6 ಬಂತು. ಈ ಸಲ ಚಿತ್ರ ದುಂಡಗಿತ್ತು, ಕ್ಯಾಲಿಪರ್ ಸರಿಯಾದ ಜಾಗದಲ್ಲಿತ್ತು. ಅವತ್ತೇ ಸರ್ಜನ್‌ಗೆ ಬರೆದೆ. ಸಿಟಿ ಸ್ಕ್ಯಾನಿನಲ್ಲಿ 5.8 ಇತ್ತು. ಸಿಟಿಯಲ್ಲಿ ಕೆಲವು ಮಿ.ಮೀ. ಜಾಸ್ತಿ ಬರುವುದು ಸಾಮಾನ್ಯ. ಕಿಡ್ನಿಯ ರಕ್ತನಾಳಗಳ ಕೆಳಗೆ ಉಬ್ಬದ ಭಾಗ ಸಾಕಷ್ಟು ಉದ್ದವಿದ್ದ ಕಾರಣ ತೊಡೆಸಂದಿಯಿಂದಲೇ ಸ್ಟೆಂಟ್ ಹಾಕಲು ಸಾಧ್ಯವಾಯಿತು. ಹೊಟ್ಟೆ ಕೊಯ್ಯಬೇಕಾಗಲಿಲ್ಲ.

ಆ ಕೇಸಿನ ನಂತರ ನನ್ನ ರಿಪೋರ್ಟಿನಲ್ಲಿ ಅಗಲದ ಪಕ್ಕ ಒಂದು ಸಾಲು ಸೇರಿಸುತ್ತೇನೆ: "ನಾಳಕ್ಕೆ ಅಡ್ಡಲಾಗಿ, ಹೊರ ಅಂಚಿನಿಂದ ಹೊರ ಅಂಚಿಗೆ, ಮುಂದಿನಿಂದ ಹಿಂದಕ್ಕೆ." ಕ್ಯಾಲಿಪರ್ ಇಟ್ಟ ಚಿತ್ರವನ್ನೂ ಕೈಗೆ ಕೊಟ್ಟು ಕಳಿಸುತ್ತೇನೆ.