ಸಮ್ಮತಿ ಪತ್ರದ ಅನುವಾದ: ಯಂತ್ರಕ್ಕೆ ಬಿಟ್ಟಿದ್ದು, ಕೈಯಲ್ಲಿ ಉಳಿಸಿಕೊಂಡಿದ್ದು

ಜನರೇಟಿವ್ ಎಐ ಯಾವ ಕೆಲಸಗಳನ್ನು ಹೆಚ್ಚು ತಟ್ಟುತ್ತದೆ ಎಂದು ಲೆಕ್ಕ ಹಾಕಿದ ಅಧ್ಯಯನಗಳಲ್ಲಿ ಎರಡು ಗುಂಪುಗಳು ಮತ್ತೆ ಮತ್ತೆ ಮೇಲೆ ಬರುತ್ತವೆ. ಅಂತರರಾಷ್ಟ್ರೀಯ ಕಾರ್ಮಿಕ ಸಂಸ್ಥೆಯ 2023ರ ವರದಿಯಲ್ಲಿ ಗುಮಾಸ್ತಿಕೆಯ ಕೆಲಸ ಮೊದಲು ನಿಂತಿದೆ. ಅದೇ ವರ್ಷ ಅಮೆರಿಕದ ಉದ್ಯೋಗಗಳನ್ನು ಕೆಲಸ-ಕೆಲಸವಾಗಿ ಬಿಡಿಸಿ ನೋಡಿದ ಇನ್ನೊಂದು ಅಧ್ಯಯನದಲ್ಲಿ ಅನುವಾದಕರು ಪಟ್ಟಿಯ ಮೇಲ್ಭಾಗದಲ್ಲೇ ಇದ್ದಾರೆ. ಇವೆರಡೂ ಹುದ್ದೆಯನ್ನು ಇಡಿಯಾಗಿ ಅಳೆಯುವುದಿಲ್ಲ, ಒಂದು ಹುದ್ದೆಯೊಳಗಿನ ಒಂದೊಂದು ಕೆಲಸವನ್ನೂ ಬೇರೆ ಬೇರೆ ತೂಗುತ್ತವೆ. ನಾನು ಇಂಗ್ಲಿಷಿನಿಂದ ಕನ್ನಡಕ್ಕೆ ವೈದ್ಯಕೀಯ ಅನುವಾದ ಮಾಡುವವನು. ನನ್ನ ಮೇಜಿನ ಮೇಲಿನ ಕೆಲಸವನ್ನೂ ಹಾಗೇ ಬಿಡಿಸಿ, ಯಾವುದನ್ನು ಯಂತ್ರಕ್ಕೆ ಬಿಟ್ಟೆ, ಯಾವುದನ್ನು ಬಿಡುವುದಿಲ್ಲ ಎಂದು ಇಲ್ಲಿ ಬರೆಯುತ್ತಿದ್ದೇನೆ.

ಉದಾಹರಣೆಗೆ ಒಂದೇ ಬಗೆಯ ದಾಖಲೆ ಸಾಕು: ಹೊಸ ಔಷಧದ ಪರೀಕ್ಷೆಗೆ ಸೇರುವ ರೋಗಿ ಓದಿ ಸಹಿ ಹಾಕುವ ಸಮ್ಮತಿ ಪತ್ರ. ಭಾರತದಲ್ಲಿ ಇದಕ್ಕೆ 2019ರ ಹೊಸ ಔಷಧ ಮತ್ತು ಕ್ಲಿನಿಕಲ್ ಟ್ರಯಲ್ ನಿಯಮಗಳು ಅನ್ವಯಿಸುತ್ತವೆ. ರೋಗಿಗೆ ಅರ್ಥವಾಗುವ ಭಾಷೆಯಲ್ಲೇ ಮಾಹಿತಿ ಕೊಡಬೇಕು, ಓದಲು ಬಾರದವರಿದ್ದರೆ ನಿಷ್ಪಕ್ಷಪಾತ ಸಾಕ್ಷಿಯೊಬ್ಬರು ಇರಬೇಕು, ಪತ್ರಕ್ಕೆ ನೈತಿಕತಾ ಸಮಿತಿಯ ಒಪ್ಪಿಗೆ ಬೇಕು. ಸಾಮಾನ್ಯವಾಗಿ ಹತ್ತು ಹನ್ನೆರಡು ಪುಟ, ಇಂಗ್ಲಿಷಿನಲ್ಲಿ ಸುಮಾರು ನಾಲ್ಕು ಸಾವಿರ ಪದ.

ಈ ಕೆಲಸದಲ್ಲಿ ನಿಜವಾಗಿ ಯಂತ್ರದ ಪಾಲಿಗೆ ಹೋಗಿರುವುದು ಮೊದಲ ಕರಡು. ಹಿಂದೆ ಖಾಲಿ ಪುಟದಿಂದ ಶುರು ಮಾಡಿದರೆ ದಿನಕ್ಕೆ ಎರಡು ಸಾವಿರ ಪದ ಒಳ್ಳೆಯ ವೇಗ. ಈಗ ನಾಲ್ಕು ಸಾವಿರ ಪದದ ಕರಡು ಚಹಾ ಕುಡಿದು ಬರುವಷ್ಟರಲ್ಲಿ ಸಿದ್ಧವಾಗಿರುತ್ತದೆ, ಕಾಗುಣಿತದ ತಪ್ಪೂ ಅಪರೂಪ. ಹಳೆಯ ಅನುವಾದ ಯಂತ್ರಗಳ ತಪ್ಪು ಕಣ್ಣಿಗೆ ಹೊಡೆಯುತ್ತಿತ್ತು. ಪರೀಕ್ಷೆಯಲ್ಲಿ ರೋಗಿಗಳನ್ನು ಹಂಚುವ ಗುಂಪಿಗೆ ಇಂಗ್ಲಿಷಿನಲ್ಲಿ ‘ಆರ್ಮ್’ ಎನ್ನುತ್ತಾರೆ, ಅದು ಕನ್ನಡದಲ್ಲಿ ‘ತೋಳು’ ಆಗಿ ಬರುತ್ತಿತ್ತು. ಯಾರು ಓದಿದರೂ ಅಲ್ಲಿ ಎಡವುತ್ತಿದ್ದರು. ಈಗಿನ ಮಾದರಿಗಳು ಸಾಮಾನ್ಯವಾಗಿ ‘ಗುಂಪು’ ಎಂದೇ ಬರೆಯುತ್ತವೆ. ಹೀಗಾಗಿ ಉಳಿದ ತಪ್ಪುಗಳು ನುಣುಪಾದ ವಾಕ್ಯದ ಒಳಗೆ ಅಡಗಿ ಕೂತಿರುತ್ತವೆ.

ಅಂಥದ್ದೊಂದನ್ನು ಹತ್ತಿರದಿಂದ ನೋಡೋಣ. ಪ್ರತಿ ಸಮ್ಮತಿ ಪತ್ರದಲ್ಲೂ ಇರುವ, ರೋಗಿಯ ಹಕ್ಕನ್ನು ಹೇಳುವ ವಾಕ್ಯವಿದು. ಕರಡು ಹೀಗೆ ಬರುತ್ತದೆ: “ನಿಮ್ಮ ಪ್ರಮಾಣಿತ ಆರೈಕೆಯ ಮೇಲೆ ಪರಿಣಾಮ ಬೀರದೆ ನೀವು ಯಾವುದೇ ಸಮಯದಲ್ಲಿ ಅಧ್ಯಯನದಿಂದ ಹಿಂದೆ ಸರಿಯಬಹುದು.” ವ್ಯಾಕರಣ ಸರಿ, ಪದಗಳೂ ಸರಿ. ಆದರೆ ಕನ್ನಡದಲ್ಲಿ ‘ಬೀರದೆ’ ಎಂಬ ಕ್ರಿಯೆಯ ಕರ್ತೃವನ್ನು ಓದುಗರು ಮುಖ್ಯ ವಾಕ್ಯದಲ್ಲಿ ಹುಡುಕುತ್ತಾರೆ, ಅಲ್ಲಿರುವುದು ‘ನೀವು’. ‘ಗದ್ದಲ ಮಾಡದೆ ಕೂತುಕೊಳ್ಳಬಹುದು’ ಎಂದರೆ ಗದ್ದಲ ಮಾಡಬಾರದು ಎಂಬ ಷರತ್ತು ಅದರಲ್ಲೇ ಬಂತಲ್ಲ, ಹಾಗೆ. ಹೀಗೆ ರೋಗಿಗೆ ಕೊಟ್ಟ ಭರವಸೆ ರೋಗಿಗೆ ಹಾಕಿದ ಷರತ್ತಾಗಿ ತಿರುಗುತ್ತದೆ: ಚಿಕಿತ್ಸೆಗೆ ತೊಂದರೆಯಾಗದ ಹಾಗೆ ನೋಡಿಕೊಂಡು ಬೇಕಾದರೆ ಬಿಡಿ. ನಾನು ಇದನ್ನು ಎರಡು ವಾಕ್ಯ ಮಾಡುತ್ತೇನೆ: “ನೀವು ಯಾವಾಗ ಬೇಕಾದರೂ ಈ ಅಧ್ಯಯನ ಬಿಡಬಹುದು. ಬಿಟ್ಟರೂ ಈ ಕಾಯಿಲೆಗೆ ನಿಮಗೆ ಸಿಗಬೇಕಾದ ಮಾಮೂಲಿ ಚಿಕಿತ್ಸೆ ಸಿಗುತ್ತಲೇ ಇರುತ್ತದೆ.”

ಇದನ್ನು ಹಿಡಿಯಲೆಂದೇ ಒಂದು ಹಳೆಯ ಕ್ರಮವಿದೆ, ಹಿಮ್ಮುಖ ಅನುವಾದ. ಕನ್ನಡವನ್ನು ಇನ್ನೊಬ್ಬರು ಮತ್ತೆ ಇಂಗ್ಲಿಷಿಗೆ ತರುತ್ತಾರೆ, ಆಮೇಲೆ ಅದನ್ನು ಮೂಲದ ಜೊತೆ ಹೋಲಿಸಿ ನೋಡಲಾಗುತ್ತದೆ. ಈಗ ಸಮಯ ಉಳಿಸಲು ಈ ಹೆಜ್ಜೆಯನ್ನೂ ಯಂತ್ರಕ್ಕೆ ಕೊಡುವವರಿದ್ದಾರೆ. ದಯವಿಟ್ಟು ಹಾಗೆ ಮಾಡಬೇಡಿ. ಮೇಲಿನ ಕರಡನ್ನು ಯಂತ್ರಕ್ಕೆ ಕೊಟ್ಟರೆ ಮೂಲದ ಇಂಗ್ಲಿಷ್ ವಾಕ್ಯವೇ ಹೆಚ್ಚುಕಡಿಮೆ ಪದಶಃ ಮರಳಿ ಬರುತ್ತದೆ. ಕನ್ನಡದ ಉಡುಪಿನಲ್ಲಿರುವ ಇಂಗ್ಲಿಷ್ ರಚನೆಯನ್ನು ಯಂತ್ರ ಸಲೀಸಾಗಿ ಗುರುತಿಸುತ್ತದೆ. ಹೋಲಿಸುವವರಿಗೆ ಎಲ್ಲವೂ ಹೊಂದುತ್ತದೆ, ದಾಖಲೆ ಪಾಸಾಗುತ್ತದೆ. ‘ತೋಳು’ ಕೂಡ ಹೀಗೆ ಹೋಗಿ ಹೀಗೇ ಬಂದು ಪಾಸಾಗಬಲ್ಲದು. ಅದಕ್ಕೇ ನಾನು ಹಿಮ್ಮುಖ ಅನುವಾದಕ್ಕೆ ಮೂಲವನ್ನೇ ನೋಡದ, ಕನ್ನಡದಲ್ಲಿ ಯೋಚಿಸುವ ವ್ಯಕ್ತಿಯನ್ನು ಕೇಳುತ್ತೇನೆ. ಒಂದು ಗುರುತು ಹೇಳಬಲ್ಲೆ: ಮರಳಿ ಬಂದ ಇಂಗ್ಲಿಷ್ ಮೂಲಕ್ಕೆ ತೀರಾ ಹತ್ತಿರವಿದ್ದರೆ ಸಮಾಧಾನಪಡಬಾರದು, ಅನುಮಾನಪಡಬೇಕು. ಒಳ್ಳೆಯ ಕನ್ನಡದಿಂದ ಹುಟ್ಟಿದ ಇಂಗ್ಲಿಷಿನಲ್ಲಿ ವಾಕ್ಯ ಒಡೆದಿರುತ್ತದೆ, ಕ್ರಮ ಬದಲಾಗಿರುತ್ತದೆ, ಅರ್ಥ ಮಾತ್ರ ನಿಂತಿರುತ್ತದೆ.

ಕರಡು ಬರುವ ಮೊದಲಿನ ಕೆಲಸವೂ ಕೈಯಲ್ಲೇ ಉಳಿದಿದೆ. ಇಪ್ಪತ್ತೈದು ಮೂವತ್ತು ಪದಗಳ ಪಟ್ಟಿಯನ್ನು ಮೊದಲೇ ಮಾಡಿ ಯಂತ್ರಕ್ಕೆ ಕೊಡುತ್ತೇನೆ. ಕೊಡದಿದ್ದರೆ ಒಂದೇ ಅಧ್ಯಯನ ಎರಡನೇ ಪುಟದಲ್ಲಿ ‘ಸಂಶೋಧನೆ’, ಐದರಲ್ಲಿ ‘ಪ್ರಯೋಗ’, ಒಂಬತ್ತರಲ್ಲಿ ‘ವಿಚಾರಣೆ’ ಆಗಿಬಿಡುವ ಅಪಾಯವಿದೆ. ಪರೀಕ್ಷೆಯ ಫಲಿತಾಂಶಕ್ಕೆ ‘ಋಣಾತ್ಮಕ’, ‘ಧನಾತ್ಮಕ’ ಎಂದು ಬರೆಯುವುದಿಲ್ಲ. ‘ಸೋಂಕು ಕಂಡುಬಂದಿಲ್ಲ’ ಅಥವಾ ‘ನೆಗೆಟಿವ್’ ಎಂದರೆ ಎಲ್ಲರಿಗೂ ಗೊತ್ತು. ‘ಡಬಲ್ ಬ್ಲೈಂಡ್’ ಎಂಬುದಕ್ಕೆ ಪದ ಹುಡುಕುವುದನ್ನೇ ಬಿಟ್ಟಿದ್ದೇನೆ. “ನಿಮಗೆ ಯಾವ ಮಾತ್ರೆ ಕೊಡುತ್ತಿದ್ದಾರೆ ಎಂಬುದು ನಿಮಗೂ ಗೊತ್ತಿರುವುದಿಲ್ಲ, ನಿಮ್ಮನ್ನು ನೋಡುವ ಡಾಕ್ಟರಿಗೂ ಗೊತ್ತಿರುವುದಿಲ್ಲ” ಎಂದು ಬಿಡಿಸಿ ಬರೆಯುತ್ತೇನೆ. ಇದಕ್ಕಿಂತ ಹೆಚ್ಚು ವಿವರಣೆಯನ್ನು ನಾನಾಗಿ ಸೇರಿಸುವ ಹಾಗಿಲ್ಲ. ಮೂಲದಲ್ಲಿ ಏನಾದರೂ ಬಿಟ್ಟುಹೋಗಿದೆ ಅನ್ನಿಸಿದರೆ ಕಳಿಸಿದವರಿಗೆ ಪ್ರಶ್ನೆ ಬರೆಯುತ್ತೇನೆ.

ಪ್ರಶ್ನೆ ಕೇಳುವುದು ಈ ಕೆಲಸದ ದೊಡ್ಡ ಭಾಗ. ‘ಬೈವೀಕ್ಲಿ’ ಎಂಬ ಇಂಗ್ಲಿಷ್ ಮಾತಿಗೆ ವಾರಕ್ಕೆ ಎರಡು ಸಲ ಎಂಬ ಅರ್ಥವೂ ಇದೆ, ಎರಡು ವಾರಕ್ಕೊಮ್ಮೆ ಎಂಬ ಅರ್ಥವೂ ಇದೆ. ಯಂತ್ರ ಎರಡರಲ್ಲಿ ಒಂದನ್ನು ಸದ್ದಿಲ್ಲದೆ ಆರಿಸಿಬಿಡುತ್ತದೆ, ಆರಿಸಿದೆ ಎಂಬ ಸುಳಿವೇ ಕರಡಿನಲ್ಲಿ ಉಳಿಯುವುದಿಲ್ಲ. ನಾನು ಅಧ್ಯಯನದ ಭೇಟಿಗಳ ಕೋಷ್ಟಕ ತೆಗೆದು ನೋಡುತ್ತೇನೆ. ಭೇಟಿ 1, 15, 29ನೇ ದಿನ ಎಂದಿದ್ದರೆ ಎರಡು ವಾರಕ್ಕೊಮ್ಮೆ ಎಂದು ಖಚಿತ. ಕೋಷ್ಟಕಕ್ಕೂ ಪತ್ರಕ್ಕೂ ತಾಳೆಯಾಗದಿದ್ದರೆ ಉತ್ತರ ಬರುವವರೆಗೆ ಆ ಸಾಲನ್ನು ಖಾಲಿ ಬಿಡುತ್ತೇನೆ.

ಇನ್ನು ತಿದ್ದುವ ಕ್ರಮ. ಕರಡನ್ನು ವಾಕ್ಯ-ವಾಕ್ಯವಾಗಿ ತೆಗೆಯದೆ ಇಡೀ ಪ್ಯಾರಾ ಕೊಟ್ಟು ತೆಗೆಯಬೇಕು, ಇಲ್ಲದಿದ್ದರೆ ‘ಅದು’, ‘ಇದು’ ಯಾವುದನ್ನು ಹೇಳುತ್ತಿವೆ ಎಂಬುದು ತಪ್ಪುತ್ತದೆ. ಆಮೇಲೆ ಮುದ್ರಿಸಿ, ಇಂಗ್ಲಿಷನ್ನು ಪಕ್ಕಕ್ಕಿಟ್ಟು, ಕನ್ನಡವನ್ನಷ್ಟೇ ಓದುತ್ತೇನೆ. ಎಲ್ಲಿ ಎರಡನೇ ಸಲ ಓದಬೇಕಾಯಿತೋ ಅಲ್ಲಿ ಗೆರೆ. ಈ ಕ್ರಮ ಹಿಂದುಮುಂದಾಗಬಾರದು. ಇಂಗ್ಲಿಷ್ ಮೊದಲು ಓದಿದರೆ ಅರ್ಥ ತಲೆಯಲ್ಲಿ ಕೂತುಬಿಡುತ್ತದೆ, ಕನ್ನಡದಲ್ಲಿ ಇಲ್ಲದ್ದನ್ನೂ ಇದೆ ಎಂದು ಕಣ್ಣು ತುಂಬಿಕೊಳ್ಳುತ್ತದೆ. ‘ಬೀರದೆ’ಯಂಥ ತಪ್ಪು ತಪ್ಪಿಸಿಕೊಳ್ಳುವುದೇ ಹೀಗೆ.

ಎರಡನೇ ಓದು ಮೂಲದ ಜೊತೆ, ಬೆರಳಿಟ್ಟು. ಇಲ್ಲಿ ಮುಖ್ಯವಾಗಿ ಹುಡುಕುವುದು ಎರಡನ್ನು. ಒಂದು, ಬಿಟ್ಟುಹೋದದ್ದು. ಅಡ್ಡಪರಿಣಾಮಗಳ ಪಟ್ಟಿಯಲ್ಲಿ ಮೂಲದಲ್ಲಿ ಹದಿನಾಲ್ಕಿದ್ದರೆ ಕನ್ನಡದಲ್ಲೂ ಹದಿನಾಲ್ಕಿವೆಯೇ ಎಂದು ಎಣಿಸಬೇಕು. ಒಂದೇ ಬಗೆಯ ಎರಡು ಲಕ್ಷಣಗಳನ್ನು ಮಾದರಿಗಳು ಒಂದಾಗಿ ಹೊಸೆದುಬಿಡಬಹುದು. ಎರಡು, ‘ಆಗಬಹುದು’ ಎಂಬುದು ‘ಆಗುತ್ತದೆ’ ಆಗಿರುವುದು. ಅಂಕಿಗಳನ್ನು ಕೊನೆಯಲ್ಲಿ ಬೇರೆಯಾಗಿಯೇ ತಾಳೆ ನೋಡುತ್ತೇನೆ, ಯಾಕೆಂದರೆ ಅರ್ಥ ನೋಡುವ ಕಣ್ಣು ಅಂಕಿ ನೋಡುವುದಿಲ್ಲ. 10 ಎಂ.ಎಲ್. ರಕ್ತ ಎಂದಿದ್ದ ಕಡೆ, ಕಳಿಸಿದವರು ಒಪ್ಪಿದರೆ, ಎರಡು ಟೀ ಚಮಚದಷ್ಟು ಎಂದೂ ಹಾಕಿಸುತ್ತೇನೆ.

ಕೊನೆಯ ಪರೀಕ್ಷೆ ಜನರ ಎದುರು. ಏಳನೇ ತರಗತಿ ಆಸುಪಾಸು ಓದಿದ ನಾಲ್ಕೈದು ಜನರಿಗೆ ಪತ್ರವನ್ನು ಗಟ್ಟಿಯಾಗಿ ಓದಿ ಹೇಳಬೇಕು. ‘ಅರ್ಥ ಆಯ್ತಾ?’ ಎಂದು ಕೇಳಿದರೆ ಎಲ್ಲರೂ ಹೂಂ ಎನ್ನುತ್ತಾರೆ, ಆ ಪ್ರಶ್ನೆಯಿಂದ ಏನೂ ತಿಳಿಯುವುದಿಲ್ಲ. ‘ಅಮ್ಮಾ, ಮೂರು ತಿಂಗಳಾದ ಮೇಲೆ ನಿಮಗೆ ಬೇಡ ಅನ್ನಿಸಿದ್ರೆ ಏನ್ ಮಾಡ್ಬೇಕು ಅಂತ ಇದರಲ್ಲಿ ಹೇಳಿದೆ?’ ಎಂದು ಕೇಳಬೇಕು. ಅವರು ‘ಡಾಕ್ಟರ್ ಹತ್ರ ಕೇಳ್ಬೇಕು, ಅವರು ಬಿಟ್ರೆ ಬಿಡಬಹುದು’ ಎಂದರೆ ವಾಕ್ಯ ಸೋತಿದೆ, ನಿಮ್ಮ ವ್ಯಾಕರಣ ಎಷ್ಟೇ ಸರಿಯಿರಲಿ. ಪತ್ರ ಕಲಬುರಗಿಗೆ ಹೋಗುತ್ತದೋ ಮೈಸೂರಿಗೋ ಎಂಬುದನ್ನೂ ಇಲ್ಲೇ ನೋಡಿಕೊಳ್ಳಬೇಕು. ‘ತಿಂಡಿ ಆದ ಮೇಲೆ’ ಎಂಬುದು ಉತ್ತರ ಕರ್ನಾಟಕದಲ್ಲಿ ‘ನಾಷ್ಟಾ ಆದ ಮೇಲೆ’, ಮಾತ್ರೆ ಅಲ್ಲಿ ಗುಳಿಗಿ. ಬರಹದಲ್ಲಿ ‘ಮಾತ್ರೆ’ ಎಲ್ಲ ಕಡೆ ನಡೆಯುತ್ತದೆ, ಊಟ-ತಿಂಡಿಯ ಹೊತ್ತು ಹೇಳುವ ಕಡೆ ಮಾತ್ರ ನಾನು ಗಂಟೆಯನ್ನೂ ಸೇರಿಸಬಹುದೇ ಎಂದು ಕೇಳಿ ಸೇರಿಸುತ್ತೇನೆ.

ಒಂದು ಕಡೆ ಯಂತ್ರವನ್ನು ಮುಟ್ಟುವುದೇ ಇಲ್ಲ: ಪರಿಷ್ಕೃತ ಆವೃತ್ತಿ. ಇಂಗ್ಲಿಷಿನಲ್ಲಿ ಮೂರು ಸಾಲು ಬದಲಾಗಿ ಎರಡನೇ ಆವೃತ್ತಿ ಬಂದಾಗ ಇಡೀ ಪತ್ರವನ್ನು ಮತ್ತೆ ಯಂತ್ರಕ್ಕೆ ಕೊಟ್ಟರೆ, ಬದಲಾಗದ ವಾಕ್ಯಗಳೂ ಬೇರೆ ಮಾತಿನಲ್ಲಿ ಬರುತ್ತವೆ. ನೈತಿಕತಾ ಸಮಿತಿ ಒಪ್ಪಿದ್ದು ಮೊದಲಿನ ಮಾತುಗಳನ್ನು, ಈಗ ಎಲ್ಲವನ್ನೂ ಹೊಸದಾಗಿ ನೋಡಬೇಕಾಗುತ್ತದೆ. ಆ ಮೂರು ಸಾಲನ್ನು ಕೈಯಲ್ಲೇ ತಿದ್ದಿ, ಬದಲಾವಣೆ ಕಾಣುವ ಪ್ರತಿಯನ್ನೂ ಜೊತೆಗೆ ಕೊಡುತ್ತೇನೆ. ಇನ್ನೊಂದು ಎಚ್ಚರ, ಪ್ರಕಟವಾಗದ ಔಷಧದ ದಾಖಲೆಯನ್ನು ಎಲ್ಲರಿಗೂ ತೆರೆದಿರುವ ಉಚಿತ ಪರಿಕರಕ್ಕೆ ಅಂಟಿಸಬಾರದು. ಗೌಪ್ಯತೆಯ ಒಪ್ಪಂದ ಅಲ್ಲೇ ಮುರಿಯುತ್ತದೆ.

ದರದ ಮಾತು. ‘ಕರಡು ಇದೆ, ಸ್ವಲ್ಪ ತಿದ್ದಿಕೊಡಿ’ ಎಂದು ಅರ್ಧ ದರ ಹೇಳುವುದು ಈಗ ಮಾಮೂಲಿ. ಒಪ್ಪುವ ಮೊದಲು ನಾನು ಮುನ್ನೂರು ಪದದ ತುಂಡೊಂದನ್ನು ಗಡಿಯಾರ ಇಟ್ಟುಕೊಂಡು ತಿದ್ದುತ್ತೇನೆ. ರೋಗಿಯ ಹಕ್ಕು, ಅಪಾಯ, ಪರಿಹಾರ ಇರುವ ಪುಟಗಳಿಂದಲೇ ಆ ತುಂಡು ತೆಗೆಯಬೇಕು, ವಿಳಾಸ-ಫೋನ್ ನಂಬರ್ ಇರುವ ಪುಟ ಯಾರಿಗಾದರೂ ಸುಲಭ. ಮೂರರಲ್ಲಿ ಒಂದಕ್ಕಿಂತ ಹೆಚ್ಚು ವಾಕ್ಯಗಳ ರಚನೆಯನ್ನೇ ಬದಲಿಸಬೇಕಾದರೆ ಕರಡನ್ನು ಪಕ್ಕಕ್ಕಿಟ್ಟು ಹೊಸದಾಗಿ ಬರೆಯುವುದೇ ಬೇಗ ಮುಗಿಯುತ್ತದೆ, ಹಾಗೆಂದು ಬರೆದು ಪೂರ್ತಿ ದರ ಕೇಳುತ್ತೇನೆ. ಉಳಿದ ಸಂದರ್ಭದಲ್ಲಿ ಪದದ ಲೆಕ್ಕ ಬಿಟ್ಟು ಗಂಟೆಯ ಲೆಕ್ಕ ಹಾಕುತ್ತೇನೆ. ಓದಿ ಕೇಳಿಸುವ ಕೆಲಸ, ಪ್ರಶ್ನೆಗಳ ಪತ್ರ, ಕೊನೆಗೆ ಸಹಿ ಹಾಕಿ ಕೊಡುವ ಅನುವಾದ ಪ್ರಮಾಣಪತ್ರ ಇವು ಬಿಲ್ಲಿನಲ್ಲಿ ಬೇರೆ ಬೇರೆ ಸಾಲಾಗಿ ಇರುತ್ತವೆ.