ಆಶ್ರಮದ ಸ್ಟಾಪಿನಲ್ಲಿ ಒಂದು ಹಲೋ

ಜಗಳ ಹುಟ್ಟಿದ್ದು ಚೀಟಿಯಿಂದ. 20 ಜನ, ತಿಂಗಳಿಗೆ 5,000 ರೂಪಾಯಿ. ನಡೆಸುತ್ತಿದ್ದವಳು ನಾನು. ಎಂಟನೇ ತಿಂಗಳು ಚೀಟಿ ಎತ್ತಿದ ಗೆಳತಿ ಆಮೇಲೆ ಎರಡು ಕಂತು ಕಟ್ಟಲಿಲ್ಲ. 10,000 ನಾನೇ ಕೈಯಿಂದ ಹಾಕಿದೆ. ಕೇಳುವುದಿದ್ದರೆ ಅವಳ ಮನೆಗೆ ಹೋಗಿ ಕೇಳಬೇಕಿತ್ತು. ನಾನು ಕೇಳಿದ್ದು ಒಂದು ಗೃಹಪ್ರವೇಶದ ಊಟದ ಪಂಕ್ತಿಯಲ್ಲಿ, ಎಲ್ಲರ ಮುಂದೆ. ಮರುದಿನವೇ ಮಗನ ಕೈಲಿ ದುಡ್ಡು ಕಳಿಸಿದಳು. ಹೈಸ್ಕೂಲಿನಲ್ಲಿ ಒಂದೇ ಬೆಂಚಿನಲ್ಲಿ ಕೂತವರು ನಾವು. ನಾಲ್ಕು ವರ್ಷ ಮಾತಿಲ್ಲ.

ನಡುವೆ ನಾನು ಸುಮ್ನೆ ಕೂತಿರಲಿಲ್ಲ. ಯುಗಾದಿಗೆ ವಾಟ್ಸಾಪಿನಲ್ಲಿ ಬೇವು ಬೆಲ್ಲದ ಚಿತ್ರ ಕಳಿಸಿದೆ. ನೀಲಿ ಗುರುತು ಬಂತು, ಉತ್ತರ ಬರಲಿಲ್ಲ. ಸಂಕ್ರಾಂತಿಗೆ ಮಗಳ ಕೈಲಿ ಎಳ್ಳು ಬೆಲ್ಲ ಕಳಿಸಿದೆ. ‘ಒಳ್ಳೆ ಮಾತಾಡು ಅಂತ ನನಗೆ ಹೇಳಿ ಕಳಿಸಿದಾಳಾ’ ಅಂದಳಂತೆ. ಮೂರನೆಯವರನ್ನು ಮಧ್ಯೆ ತಂದಷ್ಟೂ ಗಂಟು ಬಿಗಿಯಿತು.

ಹೋದ ಡಿಸೆಂಬರಿನಲ್ಲಿ ಒಂದು ಬೆಳಗ್ಗೆ ಗಾಂಧಿ ಬಜಾರಿನಲ್ಲಿ ಹೂವು ತಗೊಂಡು ರಾಮಕೃಷ್ಣ ಆಶ್ರಮದ ಸ್ಟಾಪಿಗೆ ಬಂದೆ. ಅವಳು ನಿಂತಿದ್ದಳು, ಕೈಯಲ್ಲಿ ಅವರೆಕಾಯಿ ಚೀಲ. ತಿರುಗಿ ಹೋಗೋಣ ಅನ್ನಿಸಿತು. ಆದರೆ ಸ್ಟಾಪಿನಲ್ಲಿ ಒಂದು ಅನುಕೂಲ ಇದೆ. ಮುಖಕ್ಕೆ ಮುಖ ಕೊಡಬೇಕಿಲ್ಲ, ಇಬ್ಬರೂ ರಸ್ತೆ ನೋಡುತ್ತಾ ನಿಲ್ಲಬಹುದು. ಮಾತು ಕೆಟ್ಟರೆ ಬಸ್ಸು ಹತ್ತಿಬಿಡಬಹುದು. ಹೋಗಿ ಪಕ್ಕದಲ್ಲಿ ನಿಂತೆ.

“ಹಲೋ” ಅಂದೆ. ಫೋನ್ ಎತ್ತಿದ ಹಾಗೆ ಕೇಳಿಸಿತು. ಅವಳು ನನ್ನ ಕೈಯಲ್ಲಿ ಫೋನ್ ಇದೆಯಾ ಅಂತ ನೋಡಿದಳು. ಇರಲಿಲ್ಲ.

“ಹಲೋ” ಅಂದಳು.

ಆಮೇಲಿನ ಅರ್ಧ ನಿಮಿಷವೇ ಕಷ್ಟ. ‘ಅವತ್ತು ನಾನು...’ ಅನ್ನುವುದು ನಾಲಿಗೆ ತುದಿಗೆ ಬಂದಿತ್ತು, ನುಂಗಿಕೊಂಡೆ. ಅಲ್ಲಿ ಕ್ಷಮೆ ಕೇಳಿದ್ದರೆ ಅವಳು ಅಲ್ಲೇ ಏನಾದರೂ ತೀರ್ಮಾನ ಹೇಳಬೇಕಾಗುತ್ತಿತ್ತು, ಅದೂ ಮತ್ತೆ ಜನರ ಮುಂದೆ.

“ಸೊಗಡಿದೆಯಾ?” ಅಂತ ಚೀಲ ತೋರಿಸಿ ಕೇಳಿದೆ.

ಒಂದು ಕಾಯಿ ತೆಗೆದು ಕೊಟ್ಟಳು. ಮೂಸಿದೆ. ಕೈಗೆ ಜಿಡ್ಡು ಅಂಟಿತು.

“ಚೆನ್ನಾಗಿದೆ ಕಣೇ.”

“ಇನ್ನೂ ಇಬ್ಬನಿ ಸಾಲದು. ಮುಂದಿನ ತಿಂಗಳು ನೋಡು.”

ಬನಶಂಕರಿ ಬಸ್ಸು ಬಂತು, ಅವಳದ್ದು. ಹತ್ತಲಿಲ್ಲ. “ರಶ್ಶು ಜಾಸ್ತಿ” ಅಂದಳು. ನನಗೇನೋ ಖಾಲಿಯೇ ಕಂಡಿತು. ಮುಂದಿನ ಬಸ್ಸಿಗೆ ಹೋದಳು.

ಚೀಟಿಯ ಮಾತು ಬಂದದ್ದು ಮೂರು ವಾರದ ಮೇಲೆ, ಅವಳ ಮನೆಯಲ್ಲಿ, ಹಿತಕಿದ ಬೇಳೆಗೆ ಇಬ್ಬರೂ ಕಾಳು ಹಿಸುಕುತ್ತಾ ಕೂತಾಗ. ಅವಳೇ ತೆಗೆದಳು.

“ಅವತ್ತು ಹೋಳಿಗೆ ಬಡಿಸೋ ಹೊತ್ತಿಗೆ ಕೇಳಿದೆಯಲ್ಲೇ. ತಿನ್ನದೆ ಎದ್ದು ಬಂದೆ.”

“ತಪ್ಪಾಯ್ತು” ಅಂದೆ.

ಅವಳು ಇನ್ನೊಂದು ಹಿಡಿ ಕಾಳು ನನ್ನ ಕಡೆ ತಳ್ಳಿದಳು.